ಹೆಸರು ‘ಬೀಜ್’, ಮುಖಕ್ಕೆ ಬೂದಿ: ಆನ್‌ಲೈನ್‌ನಲ್ಲಿ ಶೇಡ್ ಆರಿಸುವ ಬಗೆ

ಮ್ಯಾಕ್ ಕಂಪನಿಯ ಲಿಪ್‌ಸ್ಟಿಕ್‌ಗಳಲ್ಲಿ ‘ರೂಬಿ ವೂ’ ಮತ್ತು ‘ಲೇಡಿ ಡೇಂಜರ್’ ಎಂಬ ಎರಡು ಹೆಸರುಗಳು ಬಹಳ ಪ್ರಸಿದ್ಧ. ಎರಡೂ ಕೆಂಪೇ. ಆದರೆ ರೂಬಿ ವೂ ನೀಲಿಯ ಕಡೆಗೆ ವಾಲುವ ಕೆಂಪು, ಲೇಡಿ ಡೇಂಜರ್ ಕಿತ್ತಳೆಯ ಕಡೆಗೆ ವಾಲುವ ಕೆಂಪು. ಒಬ್ಬಳೇ ಹೆಂಗಸು ಒಂದು ದಿನ ಇದನ್ನು, ಮರುದಿನ ಅದನ್ನು ಹಚ್ಚಿಕೊಂಡರೆ ಅವಳ ಮುಖದ ಕಳೆಯೇ ಬೇರೆಯಾಗಿ ಕಾಣುತ್ತದೆ. ಈ ವ್ಯತ್ಯಾಸವನ್ನು ಆ ಹೆಸರುಗಳಲ್ಲಿ ಯಾವುದೂ ಹೇಳುವುದಿಲ್ಲ. ಅಂಗಡಿಯಲ್ಲಾದರೆ ಟೆಸ್ಟರ್ ತೆಗೆದು ಕೈಗೆ ಬಳಿದು ನೋಡಬಹುದು. ಮೊಬೈಲಿನಲ್ಲಿ ಕೊಳ್ಳುವವರಿಗೆ ಇರುವುದು ಹೆಸರು, ಒಂದೆರಡು ಚಿತ್ರ ಮತ್ತು ನಾಲ್ಕು ಸಾಲಿನ ವಿವರಣೆ ಮಾತ್ರ.

ಲಿಪ್‌ಸ್ಟಿಕ್ ತಪ್ಪಿದರೆ ಇನ್ನೊಂದು ಸೀರೆಗೆ ಹೊಂದಿಸಿ ಹಚ್ಚಿಕೊಳ್ಳಬಹುದು. ಫೌಂಡೇಶನ್ ತಪ್ಪಿದರೆ ಅದಕ್ಕೆ ಬೇರೆ ಉಪಯೋಗವಿಲ್ಲ. ಮುಖ ಬೂದಿ ಬಳಿದಂತೆ ಕಾಣುತ್ತದೆ, ಇಲ್ಲವೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಒಮ್ಮೆ ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ಯಾರೂ ವಾಪಸು ಪಡೆಯುವುದೂ ಇಲ್ಲ. ಹಾಗಾಗಿ ಒಂದು ಶೇಡ್‌ನ ಹೆಸರು, ಚಿತ್ರ ಮತ್ತು ವಿವರಣೆಯನ್ನು ಹೇಗೆ ಓದಬೇಕು, ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು.

ಎರಡು ಪ್ರಶ್ನೆಗಳು

ಯಾವ ಫೌಂಡೇಶನ್ ಆದರೂ ನಮ್ಮ ಚರ್ಮದ ಬಗ್ಗೆ ಎರಡೇ ಪ್ರಶ್ನೆ ಕೇಳುತ್ತದೆ. ಮೊದಲನೆಯದು, ಬಣ್ಣ ಎಷ್ಟು ಗಾಢ ಎಂಬುದು. ಚರ್ಮದ ಮೆಲನಿನ್ ಇದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ, ಬಿಸಿಲಿಗೆ ಹೋದರೆ ಹೆಚ್ಚಾಗುತ್ತದೆ. ಎರಡನೆಯದು ಅಂಡರ್‌ಟೋನ್, ಅಂದರೆ ಆ ಗಾಢತೆಯ ಅಡಿಯಲ್ಲಿ ಯಾವ ಛಾಯೆ ಇಣುಕುತ್ತದೆ ಎಂಬುದು. ಹಳದಿ ಅಥವಾ ಬಂಗಾರದ ಛಾಯೆ ಇದ್ದರೆ ವಾರ್ಮ್ ಎನ್ನುತ್ತಾರೆ. ಗುಲಾಬಿ ಅಥವಾ ಕೆಂಪಿನ ಛಾಯೆ ಇದ್ದರೆ ಕೂಲ್, ಯಾವ ಕಡೆಗೂ ವಾಲದಿದ್ದರೆ ನ್ಯೂಟ್ರಲ್. ನಮ್ಮಲ್ಲಿ ಅನೇಕರಿಗೆ ಇರುವ, ಹಳದಿಯಲ್ಲಿ ತುಸು ಹಸಿರು ಬೆರೆತ ಛಾಯೆಗೆ ಆಲಿವ್ ಎಂಬ ಹೆಸರಿದೆ.

ಇವೆರಡೂ ಒಂದನ್ನೊಂದು ಅವಲಂಬಿಸಿಲ್ಲ ಎಂಬುದನ್ನು ಮನಸ್ಸಿನಲ್ಲಿಡಬೇಕು. ಬೆಳ್ಳಗಿರುವವರೆಲ್ಲ ಕೂಲ್, ಕಪ್ಪಗಿರುವವರೆಲ್ಲ ವಾರ್ಮ್ ಎನ್ನುವುದು ತಪ್ಪು. ಎಣ್ಣೆಗಪ್ಪು ಮೈಬಣ್ಣದವರಲ್ಲಿ ಕೆಂಪು ಛಾಯೆಯವರಿದ್ದಾರೆ, ಗೋಧಿ ಬಣ್ಣದವರಲ್ಲಿ ಹಸಿರು ಛಾಯೆಯವರಿದ್ದಾರೆ. ‘ಡಸ್ಕಿ ಸ್ಕಿನ್‌ಗೆ ಸೂಕ್ತ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ವಿವರಣೆ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ, ಎರಡನೆಯದನ್ನು ಮುಟ್ಟುವುದೇ ಇಲ್ಲ.

ಬೂದಿ ಬಣ್ಣ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಬಾಟಲಿಯೊಳಗೆ ಏನಿದೆ ಎಂದು ನೋಡಬೇಕು. ಬಹುತೇಕ ಎಲ್ಲ ಫೌಂಡೇಶನ್‌ಗಳ ಬಣ್ಣವೂ ನಾಲ್ಕು ಪುಡಿಗಳಿಂದ ಆದದ್ದು: ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಜೊತೆಗೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು. ಪೊಟ್ಟಣದ ಮೇಲೆ ಇವು CI 77891, CI 77491, CI 77492, CI 77499 ಎಂಬ ಸಂಖ್ಯೆಗಳಾಗಿ ಕಾಣುತ್ತವೆ. ತಿಳಿ ಶೇಡ್‌ಗಳಲ್ಲಿ ಬಿಳಿ ಪುಡಿಯದೇ ಮೇಲುಗೈ. ಅಂಥದ್ದನ್ನು ಗಾಢ ಚರ್ಮದ ಮೇಲೆ ಹಚ್ಚಿದರೆ ಬಿಳಿಯ ತೆಳು ಪದರದ ಕೆಳಗೆ ಕಪ್ಪು ಇಣುಕಿ ಬೂದಿಯಾಗುತ್ತದೆ. ತಿಳಿ ಶೇಡ್‌ಗೇ ಕಪ್ಪು ಪುಡಿ ಸುರಿದು, ಹಳದಿ ಮತ್ತು ಕೆಂಪನ್ನು ಆ ಪ್ರಮಾಣದಲ್ಲಿ ಏರಿಸದೆ ‘ಡಾರ್ಕ್’ ಎಂದು ಮಾರಿದರೂ ಅದೇ ಗತಿ. ಗಾಢತೆ ಸರಿಹೋಗಿರುತ್ತದೆ, ಜೀವಕಳೆ ಹೋಗಿರುತ್ತದೆ.

ಸಂಖ್ಯೆಗಳು ಗೊತ್ತಾದವೆಂದು ಪದಾರ್ಥಗಳ ಪಟ್ಟಿ ನೋಡಿಯೇ ಬಣ್ಣ ಊಹಿಸಲು ಬರುವುದಿಲ್ಲ. ಇಡೀ ಶ್ರೇಣಿಗೆ ಒಂದೇ ಪಟ್ಟಿ ಅಚ್ಚು ಹಾಕಿ, ಬಣ್ಣಗಳ ಮುಂದೆ ‘ಇರಬಹುದು’ ಎಂಬ ಅರ್ಥದ +/- ಗುರುತು ಹಾಕಿರುತ್ತಾರೆ. ಪ್ರಮಾಣ ಅದರಲ್ಲಿ ಇರುವುದಿಲ್ಲ. ಹಾಗಾಗಿ ಶೇಡ್‌ನ ಹೆಸರು ಮತ್ತು ಚಿತ್ರವೇ ನಮಗೆ ಆಧಾರ.

ಹೆಸರಿನಲ್ಲಿ ಏನಿದೆ

ಐವರಿ, ಸ್ಯಾಂಡ್, ಹನಿ, ಆಲ್ಮಂಡ್, ಮೋಕಾ ಎಂಬ ಹೆಸರುಗಳು ಕಿವಿಗೆ ಇಂಪು. ಆದರೆ ಒಂದು ಕಂಪನಿಯ ಹನಿ ಇನ್ನೊಂದರ ಆಲ್ಮಂಡ್‌ಗಿಂತ ಗಾಢವಾಗಿರಬಹುದು. ಇದಕ್ಕೆ ಉದ್ಯಮದಲ್ಲಿ ಒಪ್ಪಿತ ಅಳತೆಯಿಲ್ಲ. ಉಪಯೋಗಕ್ಕೆ ಬರುವುದು ಹೆಸರಿನ ಜೊತೆಗಿರುವ ಸಂಖ್ಯೆ ಮತ್ತು ಅಕ್ಷರ.

ಎಸ್ಟೀ ಲಾಡರ್ ಕಂಪನಿಯ ‘ಡಬಲ್ ವೇರ್’ ಫೌಂಡೇಶನ್ ಇದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ 3W1 ಟಾನಿ, 5W1 ಬ್ರಾಂಜ್ ಎಂಬಂತೆ ಹೆಸರುಗಳಿವೆ. ಮೊದಲ ಅಂಕಿ ಗಾಢತೆ. ಅದು ದೊಡ್ಡದಾದಷ್ಟೂ ಬಣ್ಣ ಗಾಢ. ನಡುವಿನ ಅಕ್ಷರ ಅಂಡರ್‌ಟೋನ್: C ಎಂದರೆ ಕೂಲ್, N ಎಂದರೆ ನ್ಯೂಟ್ರಲ್, W ಎಂದರೆ ವಾರ್ಮ್. ಎರಡೂ ಪ್ರಶ್ನೆಗಳಿಗೆ ಉತ್ತರ ಮೂರೇ ಗುರುತುಗಳಲ್ಲಿದೆ. ಪಕ್ಕದ ಶೇಡ್ ಯಾವುದು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಇನ್ನು ಮ್ಯಾಕ್ ನೋಡಿ. 1984ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿದ ಈ ಕಂಪನಿಯ ಶೇಡ್‌ಗಳು NC ಮತ್ತು NW ಎಂಬ ಅಕ್ಷರಗಳಿಂದ ಶುರುವಾಗುತ್ತವೆ. NC ಎಂದರೆ ನ್ಯೂಟ್ರಲ್ ಕೂಲ್, NW ಎಂದರೆ ನ್ಯೂಟ್ರಲ್ ವಾರ್ಮ್. ಆದರೆ ಮ್ಯಾಕ್‌ನ ಪದ್ಧತಿಯಲ್ಲಿ NC ಇರುವುದು ಹಳದಿ, ಬಂಗಾರ ಛಾಯೆಯವರಿಗೆ. NW ಇರುವುದು ಗುಲಾಬಿ ಛಾಯೆಯವರಿಗೆ. ಬೇರೆ ಕಡೆ W ನೋಡಿ ಅಭ್ಯಾಸವಾದವರು, ನನ್ನದು ವಾರ್ಮ್ ಎಂದುಕೊಂಡು NW ತರಿಸಿದರೆ ಮುಖ ಗುಲಾಬಿಯಾಗುತ್ತದೆ. ಹಳದಿ ಛಾಯೆಯ ಮಧ್ಯಮ ಮೈಬಣ್ಣದ ಭಾರತೀಯರು ‘ನಂದು NC42’ ಎಂದು ಹೇಳಿಕೊಳ್ಳುವುದು ಈ ಲೆಕ್ಕದಿಂದಲೇ. ಮ್ಯಾಕ್ ಇಂದು ಎಸ್ಟೀ ಲಾಡರ್ ಸಮೂಹದ್ದೇ ಕಂಪನಿ. ಒಂದೇ ಮಾಲೀಕರ ಎರಡು ಬ್ರಾಂಡ್‌ಗಳಲ್ಲಿ W ಅಕ್ಷರಕ್ಕೆ ಎರಡು ವಿರುದ್ಧ ಅರ್ಥ! ಆದ್ದರಿಂದ ಅಕ್ಷರವನ್ನು ನೋಡಿದ ಕೂಡಲೇ ಆರ್ಡರ್ ಮಾಡಬೇಡಿ. ಆ ಅಕ್ಷರಕ್ಕೆ ಆ ಕಂಪನಿ ಏನರ್ಥ ಕೊಟ್ಟಿದೆ ಎಂದು ವಿವರಣೆಯಲ್ಲಿ ಓದಿ.

ಗಾಯಕಿ ರಿಹಾನಾ 2017ರಲ್ಲಿ ‘ಫೆಂಟಿ ಬ್ಯೂಟಿ’ ಶುರುಮಾಡಿದಾಗ ಒಮ್ಮೆಗೇ 40 ಶೇಡ್‌ಗಳ ಫೌಂಡೇಶನ್ ತಂದರು. ಕಡುಗಪ್ಪು ಮೈಬಣ್ಣದಲ್ಲೂ ಬೇರೆ ಬೇರೆ ಅಂಡರ್‌ಟೋನ್‌ಗಳು ಅದರಲ್ಲಿದ್ದುದರಿಂದ ಅದು ಲೋಕವೆಲ್ಲ ಸುದ್ದಿಯಾಯಿತು. ಆದರೆ ಆನ್‌ಲೈನ್‌ನಲ್ಲಿ ಕೊಳ್ಳುವವರ ಪಾಲಿಗೆ ಅಷ್ಟೇ ದೊಡ್ಡ ಉಪಕಾರ ಇನ್ನೊಂದಿತ್ತು. ಕವಿತೆಯಂಥ ಹೆಸರುಗಳ ಬದಲು ಅವರು ಬರೀ ಸಂಖ್ಯೆ ಇಟ್ಟು, ಪ್ರತಿಯೊಂದರ ಜೊತೆ ಅದು ಯಾವ ಗಾಢತೆಯ, ಯಾವ ಅಂಡರ್‌ಟೋನ್‌ನ ಚರ್ಮಕ್ಕೆ ಎಂದು ಒಂದು ಸಾಲು ಬರೆದರು. ಒಂದು ಶೇಡ್‌ನ ವಿವರಣೆ ಕನಿಷ್ಠ ಇಷ್ಟಾದರೂ ಹೇಳಬೇಕು.

ಚಿತ್ರ ಯಾವಾಗ ಸುಳ್ಳು ಹೇಳುತ್ತದೆ

ಶೇಡ್‌ನ ಬಣ್ಣ ತೋರಿಸಲು ಬಳಿದು ತೆಗೆದ ಚಿತ್ರಕ್ಕೆ ಸ್ವಾಚ್ ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಸಿಗುವ ಸ್ವಾಚ್‌ಗಳು ಮೂರು ತರಹದವು, ಮೂರಕ್ಕೂ ಒಂದೇ ಬೆಲೆ ಕೊಡಬಾರದು.

ಮೊದಲನೆಯದು ಚಿಕ್ಕ ಬಣ್ಣದ ಚೌಕ ಅಥವಾ ವೃತ್ತ. ಅದನ್ನು ಯಾರೂ ಫೋಟೋ ತೆಗೆದಿರುವುದಿಲ್ಲ. ಕಂಪ್ಯೂಟರಿನಲ್ಲಿ ತುಂಬಿದ ಬಣ್ಣ ಅದು. ಶೇಡ್‌ಗಳ ಸಾಲಿನಲ್ಲಿ ಯಾವುದು ಎಲ್ಲಿದೆ ಎಂದು ಗುರುತಿಸಲು ಮಾತ್ರ ಉಪಯೋಗ. ಎರಡನೆಯದು ಬಿಳಿ ಹಿನ್ನೆಲೆಯಲ್ಲಿ ಬೆಣ್ಣೆಯಂತೆ ಎಳೆದ ಬಣ್ಣದ ಗೆರೆ. ಇದು ನಿಜವಾದ ಫೋಟೋ ಇರಬಹುದು, ಆದರೆ ಒಂದು ಪರೀಕ್ಷೆ ಮಾಡಿ: ಬೇರೆ ಬೇರೆ ಶೇಡ್‌ಗಳ ಚಿತ್ರಗಳನ್ನು ಒಂದಾದಮೇಲೊಂದು ತೆರೆದು ಆ ಗೆರೆಯ ಅಂಚನ್ನು ನೋಡಿ. ಎಲ್ಲದರಲ್ಲೂ ಅದೇ ತಿರುವು, ಅದೇ ಗುಳ್ಳೆ, ಅದೇ ಹೊಳಪು ಇದ್ದರೆ ಒಂದೇ ಫೋಟೋಗೆ ಬಣ್ಣ ಬದಲಿಸಿ ಇಟ್ಟಿದ್ದಾರೆ ಎಂದರ್ಥ. ಮೂರನೆಯದು ಚರ್ಮದ ಮೇಲೆ ಬಳಿದು ತೆಗೆದ ಚಿತ್ರ. ನಂಬಬಹುದಾದದ್ದು ಇದೊಂದೇ. ಇದಕ್ಕೂ ಎರಡು ಷರತ್ತುಗಳಿವೆ.

ಒಂದು ಷರತ್ತು ಬೆಳಕಿನದು. ಸೀರೆ ಅಂಗಡಿಯಲ್ಲಿ ನಮ್ಮ ಅಮ್ಮಂದಿರು ಸೀರೆಯನ್ನು ಬಾಗಿಲ ಬಳಿ ತಂದು ಹಗಲ ಬೆಳಕಿಗೆ ಹಿಡಿದು ನೋಡುತ್ತಿದ್ದ ವಿವೇಕವೇ ಇಲ್ಲಿಯೂ ಬೇಕು. ಹಳದಿ ಎಲ್‌ಇಡಿ ದೀಪದ ಕೆಳಗೆ ಯಾವ ಫೌಂಡೇಶನ್ ಆದರೂ ವಾರ್ಮ್ ಆಗಿ ಕಾಣುತ್ತದೆ. ಫೋಟೋದಲ್ಲಿರುವ ಬಿಳಿ ಗೋಡೆ, ಬಿಳಿ ಕಾಗದ ಅಥವಾ ಬಿಳಿ ಬಟ್ಟೆ ನಿಜಕ್ಕೂ ಬಿಳಿಯಾಗಿದೆಯೇ ಎಂದು ನೋಡಿ. ಅದು ಹಳದಿಯಾಗಿ ಅಥವಾ ನೀಲಿಯಾಗಿ ಕಂಡರೆ ಸ್ವಾಚ್‌ನ ಬಣ್ಣವೂ ಅಷ್ಟೇ ವಾಲಿರುತ್ತದೆ. ನಿಮ್ಮ ಮೊಬೈಲಿನಲ್ಲಿ ಕಣ್ಣಿಗೆ ಹಿತವಾಗಲೆಂದು ಹಾಕಿದ ನೈಟ್ ಮೋಡ್ ಇದ್ದರೆ ಅದನ್ನೂ ಆಫ್ ಮಾಡಿ, ಏಕೆಂದರೆ ಅದು ಇಡೀ ಪರದೆಯನ್ನೇ ಹಳದಿ ಮಾಡುತ್ತದೆ.

ಇನ್ನೊಂದು ಷರತ್ತು ಜಾಗದ್ದು. ಮುಂಗೈಯ ಒಳಭಾಗದಲ್ಲಿ ಬಳಿದು ತೋರಿಸುವುದು ರೂಢಿ. ಬಿಸಿಲು ಕಾಣದ ಆ ಭಾಗ ಮುಖಕ್ಕಿಂತ ತಿಳಿಯಾಗಿರುತ್ತದೆ. ಅಲ್ಲಿ ಹೊಂದಿದ ಶೇಡ್ ಮುಖಕ್ಕೆ ಬಿಳಿಚು. ಒಳ್ಳೆಯ ಮಾರಾಟಗಾರರು ತಿಳಿ, ಮಧ್ಯಮ, ಗಾಢ ಮೈಬಣ್ಣದ ಮೂವರ ಮುಖದ ಮೇಲೂ ತೋರಿಸುತ್ತಾರೆ, ಯಾರು ಯಾವ ಶೇಡ್ ಹಚ್ಚಿದ್ದಾರೆ ಎಂದು ಪಕ್ಕದಲ್ಲೇ ಬರೆಯುತ್ತಾರೆ.

ಇಷ್ಟೆಲ್ಲ ಆದರೂ ಪರದೆಯ ಮೇಲಿನ ಬಣ್ಣ ಕೈಗೆ ಬರುವ ಬಣ್ಣವೇ ಆಗಿರುತ್ತದೆ ಎಂಬ ಖಾತರಿ ಇಲ್ಲ. ಆದರೆ ಒಂದೇ ಕೈ ಮೇಲೆ, ಒಂದೇ ಫೋಟೋದಲ್ಲಿ ಐದಾರು ಶೇಡ್ ಸಾಲಾಗಿ ಬಳಿದಿದ್ದರೆ, ಅವುಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ನಿಜವಾಗಿರುತ್ತದೆ. ಬೆಳಕು ತಪ್ಪಿದ್ದರೆ ಎಲ್ಲಕ್ಕೂ ಒಂದೇ ರೀತಿ ತಪ್ಪಿರುತ್ತದಲ್ಲವೇ? ಅವುಗಳಲ್ಲಿ ನಿಮಗೆ ಬಳಸಿ ಗೊತ್ತಿರುವ ಒಂದು ಶೇಡ್ ಇದ್ದರೆ ಸಾಕು. ‘ನನಗೆ ಬೇಕಾದದ್ದು ಇದಕ್ಕಿಂತ ಒಂದು ಹೆಜ್ಜೆ ಗಾಢ, ತುಸು ಹೆಚ್ಚು ಹಳದಿ’ ಎಂದು ಅಲ್ಲಿಂದ ಲೆಕ್ಕ ಹಾಕಬಹುದು.

ಒಂದು ಉದಾಹರಣೆ

ಬಳ್ಳಾರಿಯ ಒಬ್ಬ ಶಾಲಾ ಶಿಕ್ಷಕಿ ತಂಗಿಯ ಮದುವೆಗಾಗಿ ಫೌಂಡೇಶನ್ ತರಿಸಬೇಕೆಂದುಕೊಳ್ಳೋಣ. ದಿನವೂ ಬಿಸಿಲಲ್ಲಿ ಓಡಾಡಿ ಹಣೆ ಮತ್ತು ಕೆನ್ನೆ ಕಪ್ಪಾಗಿವೆ, ಬಾಯಿಯ ಸುತ್ತ ಇನ್ನೂ ತುಸು ಕಪ್ಪು, ಕುತ್ತಿಗೆ ತಿಳಿ. ಮನೆಯಲ್ಲಿ ‘ನ್ಯಾಚುರಲ್ ಬೀಜ್’ ಎಂಬ ಹೆಸರಿನ ಹಳೆಯ ಬಾಟಲಿ ಇದೆ. ಹಚ್ಚಿದರೆ ಮುಖ ಬೂದಿಯಾಗುತ್ತದೆ.

ಆಕೆ ಬೆಳಗ್ಗೆ ಮುಖ ತೊಳೆದು, ಕ್ರೀಮ್ ಏನೂ ಹಚ್ಚದೆ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕ ಕನ್ನಡಿ ಹಿಡಿಯಬೇಕು. ಕುತ್ತಿಗೆಗೆ ಒಂದು ಬಿಳಿ ಬಟ್ಟೆ ಸುತ್ತಿಕೊಳ್ಳಬೇಕು. ಬಣ್ಣದ ಬಟ್ಟೆ ಚರ್ಮದ ಮೇಲೆ ತನ್ನ ಛಾಯೆ ಚೆಲ್ಲುತ್ತದೆ. ನೋಡಬೇಕಾದ ಜಾಗ ಕೆನ್ನೆಯ ನಡುಭಾಗವಲ್ಲ, ದವಡೆಯ ಅಂಚು. ಮುಖ ಮತ್ತು ಕುತ್ತಿಗೆ ಸೇರುವುದು ಅಲ್ಲಿ. ಶೇಡ್ ಅಲ್ಲಿ ಹೊಂದಿಕೊಂಡರೆ ಎರಡೂ ಕಡೆಗೆ ಕರಗುತ್ತದೆ. ಹಣೆಯ ಕಪ್ಪಿಗೆ ಹೊಂದುವಂಥದ್ದನ್ನು ತರಿಸಿದರೆ ಮುಖ ಬೇರೆ, ಕುತ್ತಿಗೆ ಬೇರೆ ಎಂದಾಗುತ್ತದೆ.

ಮಣಿಕಟ್ಟಿನ ನರ ಹಸಿರಾಗಿದ್ದರೆ ವಾರ್ಮ್, ನೀಲಿಯಾಗಿದ್ದರೆ ಕೂಲ್ ಎಂಬ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಗಾಢ ಚರ್ಮದಲ್ಲಿ ನರ ಸರಿಯಾಗಿ ಕಾಣುವುದೇ ಇಲ್ಲ. ಕಂಡರೂ ಮೇಲಿನ ಮೆಲನಿನ್‌ನಿಂದಾಗಿ ಹಸಿರಾಗಿಯೇ ತೋರಬಹುದು. ಅದಕ್ಕಿಂತ ಹಳೆಯ ಬಾಟಲಿಯೇ ಒಳ್ಳೆಯ ಸಾಕ್ಷಿ. ಶಿಕ್ಷಕಿ ಅದನ್ನು ದವಡೆಗೆ ಒಂದು ಗೆರೆ ಎಳೆದು ನೋಡಿದರು ಎನ್ನಿ. ಗೆರೆ ಚರ್ಮಕ್ಕಿಂತ ಬೆಳ್ಳಗಿದೆ, ಜೊತೆಗೆ ಚರ್ಮದ ಪಕ್ಕದಲ್ಲಿ ಗುಲಾಬಿಯಾಗಿ ಕಾಣುತ್ತಿದೆ. ಎರಡು ತಪ್ಪುಗಳು ಬೇರೆ ಬೇರೆಯಾಗಿ ಗೊತ್ತಾದವು. ಬೇಕಾದದ್ದು ಒಂದೆರಡು ಹೆಜ್ಜೆ ಗಾಢವಾದದ್ದು, ಗುಲಾಬಿಯ ಬದಲು ಹಳದಿ ಅಥವಾ ಆಲಿವ್ ಕಡೆಯದು.

ಈಗ ಆಕೆ ಅದೇ ಶ್ರೇಣಿಯ ಸಾಲು ಸ್ವಾಚ್ ಇರುವ ಫೋಟೋ ಹುಡುಕಿ, ತನ್ನ ಹಳೆಯ ಶೇಡ್ ಗುರುತಿಸಿ, ಅಲ್ಲಿಂದ ಗಾಢತೆಯಲ್ಲಿ ಮುಂದಿನ ಎರಡನ್ನು ಆರಿಸಬೇಕು. ಅವುಗಳ ವಿವರಣೆಯಲ್ಲಿ ವಾರ್ಮ್, ಗೋಲ್ಡನ್ ಅಥವಾ ಆಲಿವ್ ಎಂದಿರುವುದನ್ನು ಉಳಿಸಿಕೊಳ್ಳಬೇಕು. ಬಳಿಕ ಗ್ರಾಹಕರು ಹಾಕಿದ ಫೋಟೋಗಳಲ್ಲಿ ತನ್ನಂಥದೇ ಮೈಬಣ್ಣದವರನ್ನು ಹುಡುಕಬೇಕು. ಚಿಕ್ಕ ಟ್ಯೂಬ್ ಅಥವಾ ಸ್ಯಾಂಪಲ್ ಸಿಗುವುದಾದರೆ ಮೊದಲು ಅದನ್ನೇ ತರಿಸುವುದು ಜಾಣತನ.

ಟ್ಯೂಬ್ ಬಂದ ದಿನವೇ ತೀರ್ಪು ಕೊಡುವ ಆತುರ ಬೇಡ. ದವಡೆಗೆ ಹಚ್ಚಿ ಒಂದು ಗಂಟೆ ಬಿಟ್ಟು, ಮತ್ತೆ ಹಗಲ ಬೆಳಕಿನಲ್ಲಿ ನೋಡಬೇಕು. ದ್ರವದಲ್ಲಿರುವ ಬೇಗ ಆರುವ ಅಂಶ ಹಾರಿಹೋಗಿ, ಮುಖದ ಎಣ್ಣೆ ಪುಡಿಗಳಿಗೆ ಸೇರಿದಾಗ ಕೆಲವು ಫೌಂಡೇಶನ್‌ಗಳು ಗಾಢವಾಗಿ ಕಿತ್ತಳೆಗೆ ತಿರುಗುತ್ತವೆ. ‘ಆಕ್ಸಿಡೈಸ್ ಆಯಿತು’ ಎಂದು ಬಳಸುವವರು ಹೇಳುವುದು ಇದನ್ನೇ. ಎಣ್ಣೆ ಚರ್ಮದವರಿಗೆ ಇದು ಹೆಚ್ಚು. ಹಾಗಾದರೆ ಅದೇ ಶ್ರೇಣಿಯಲ್ಲಿ ಅರ್ಧ ಹೆಜ್ಜೆ ತಿಳಿಯದನ್ನು ಆರಿಸಬೇಕು. ಮದುವೆಯಾದ್ದರಿಂದ ಇನ್ನೊಂದು ಪರೀಕ್ಷೆಯೂ ಬೇಕು: ಫ್ಲ್ಯಾಶ್ ಹಾಕಿ ಒಂದು ಫೋಟೋ. ಸನ್‌ಸ್ಕ್ರೀನ್‌ಗಾಗಿ ಬಿಳಿ ಪುಡಿ ಹೆಚ್ಚು ಹಾಕಿದ ಫೌಂಡೇಶನ್ ಕಣ್ಣಿಗೆ ಚೆನ್ನಾಗಿ ಕಂಡರೂ ಫ್ಲ್ಯಾಶ್‌ಗೆ ಬಿಳಿಯಾಗಿ ಹೊಳೆಯಬಹುದು.

ತುಟಿಗೆ ತುಟಿಯದೇ ಬಣ್ಣವಿದೆ

ಲಿಪ್‌ಸ್ಟಿಕ್‌ನ ಸ್ವಾಚ್ ಕೈ ಮೇಲೆ ಚೆನ್ನಾಗಿದ್ದು ತುಟಿಯ ಮೇಲೆ ಬೇರೆಯಾಗಲು ಕಾರಣ ಸರಳ. ಕೈಗೆ ಇಲ್ಲದ ಬಣ್ಣ ತುಟಿಗಿದೆ. ನಮ್ಮಲ್ಲಿ ಬಹಳ ಜನರಿಗೆ ಮೇಲ್ದುಟಿ ಕಂದು, ಕೆಳದುಟಿ ಗುಲಾಬಿ. ತೆಳುವಾಗಿ ಹಚ್ಚುವ ಲಿಪ್‌ಸ್ಟಿಕ್‌ನಲ್ಲಿ ಈ ಎರಡೂ ಕೆಳಗಿನಿಂದ ಇಣುಕುತ್ತವೆ. ಹಾಗಾಗಿ ಮೇಲ್ದುಟಿಯಲ್ಲಿ ಒಂದು ಬಣ್ಣ, ಕೆಳದುಟಿಯಲ್ಲಿ ಇನ್ನೊಂದು. ಇಂಥ ತುಟಿಗೆ ಪೂರ್ತಿ ಮುಚ್ಚುವ ಲಿಪ್‌ಸ್ಟಿಕ್ ಬೇಕು, ಇಲ್ಲವೇ ಅದೇ ಬಣ್ಣದ ಲಿಪ್ ಲೈನರ್ ಮೊದಲು ತುಂಬಿಕೊಳ್ಳಬೇಕು. ಕಂದು ತುಟಿಯ ಮೇಲೆ ಹಚ್ಚಿದ ಚಿತ್ರ ಇರುವ ವಿವರಣೆಯೇ ಇವರಿಗೆ ಉಪಯುಕ್ತ.

‘ನ್ಯೂಡ್’ ಎಂಬ ಹೆಸರು ಅತಿ ಹೆಚ್ಚು ಮೋಸಮಾಡುವುದು ಇಲ್ಲಿ. ತಿಳಿ ಬೀಜ್ ಬಣ್ಣಕ್ಕೆ ಆ ಹೆಸರಿಟ್ಟವರು ಬಿಳಿ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಗಾಢ ಮೈಬಣ್ಣದ ಮೇಲೆ ಅದು ಸುಣ್ಣ ಹಚ್ಚಿದಂತೆ ಕಾಣುತ್ತದೆ. ಅವರಿಗೆ ನಿಜವಾದ ನ್ಯೂಡ್ ಎಂದರೆ ಇಟ್ಟಿಗೆ ಕಂದು, ಗಾಢ ಗುಲಾಬಿ ಕಂದು, ಕಾಫಿ ಬಣ್ಣ. ಹೆಸರು ಬಿಟ್ಟು ಈ ಮಾತುಗಳನ್ನು ವಿವರಣೆಯಲ್ಲಿ ಹುಡುಕಿ. ಕೆಂಪಾದರೆ ಅದು ನೀಲಿಯ ಕಡೆಯದೋ ಕಿತ್ತಳೆಯ ಕಡೆಯದೋ ಎಂದು ಬರೆದಿರಬೇಕು.

ಇನ್ನೊಂದು ಸಂಗತಿ ಯಾವ ಸ್ವಾಚ್‌ನಲ್ಲೂ ಗೊತ್ತಾಗದು. ಕೆಲವು ಲಿಪ್‌ಸ್ಟಿಕ್‌ಗಳಲ್ಲಿ ತುಟಿಗೆ ಹಿಡಿದು ಉಳಿಯುವ ಬಣ್ಣಗಳಿರುತ್ತವೆ. ಪೊಟ್ಟಣದಲ್ಲಿ CI 45380 ಅಥವಾ CI 45410 ಎಂದಿದ್ದರೆ ಅವೇ. ತುಟಿಯ ತೇವಕ್ಕೆ ಸೇರಿ ಅವು ಹೊತ್ತು ಕಳೆದಂತೆ ಗುಲಾಬಿಗೆ ತಿರುಗಬಹುದು. ಬೆಳಗ್ಗೆ ಹಚ್ಚಿದ ಕಂದು ಮಧ್ಯಾಹ್ನಕ್ಕೆ ಗುಲಾಬಿಯಾಗಿದ್ದರೆ ಕಾರಣ ಹೆಚ್ಚಾಗಿ ಇದೇ.

ಹೇಳಿದ್ದು ಒಂದು, ಬಂದದ್ದು ಒಂದಾದರೆ

ನಮ್ಮ ಮುಖಕ್ಕೆ ಹೊಂದದಿರುವುದು ಬೇರೆ, ಹೇಳಿದ ಶೇಡ್ ಬಾರದಿರುವುದು ಬೇರೆ. ಎರಡನೆಯದಕ್ಕೆ ಕಾನೂನಿನ ಆಸರೆ ಇದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರು ಮಾಡಿದ ಗುಣಲಕ್ಷಣಗಳಿಗೆ ಹೊಂದದ ವಸ್ತುವನ್ನು ವಾಪಸು ಪಡೆಯಲು ಅಥವಾ ಹಣ ಹಿಂತಿರುಗಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಆರ್ಡರ್ ಮಾಡುವಾಗಲೇ ಶೇಡ್‌ನ ಹೆಸರು, ಸಂಖ್ಯೆ, ಚಿತ್ರ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಪೆಟ್ಟಿಗೆ ಬಂದಾಗ ಸೀಲ್ ಒಡೆಯುವ ಮುಂಚೆ ಪೊಟ್ಟಣದ ಸಂಖ್ಯೆಯನ್ನು ಅದಕ್ಕೆ ತಾಳೆ ನೋಡಿ. ಮಾರಾಟಗಾರರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊನೆಯದಾಗಿ ಓದುಗರಲ್ಲಿ ಒಂದು ಕೋರಿಕೆ. ನಿಮಗೆ ಸರಿಯಾಗಿ ಹೊಂದಿದ ಶೇಡ್ ಸಿಕ್ಕಾಗ, ಕಿಟಕಿಯ ಬೆಳಕಿನಲ್ಲಿ, ಫಿಲ್ಟರ್ ಹಾಕದೆ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ಒಂದು ಫೋಟೋ ತೆಗೆದು ರಿವ್ಯೂನಲ್ಲಿ ಹಾಕಿ. ಶೇಡ್‌ನ ಸಂಖ್ಯೆ, ನಿಮ್ಮ ಅಂಡರ್‌ಟೋನ್, ಹಚ್ಚಿ ಎಷ್ಟು ಹೊತ್ತಾದ ಮೇಲೆ ತೆಗೆದದ್ದು ಎಂದು ಕನ್ನಡದಲ್ಲೇ ಎರಡು ಸಾಲು ಬರೆಯಿರಿ. ಟೆಸ್ಟರ್ ಇಲ್ಲದ ಊರಿನಲ್ಲಿ ಕುಳಿತು, ನಿಮ್ಮಂಥದೇ ಮೈಬಣ್ಣದ ಮುಖಕ್ಕಾಗಿ ಹುಡುಕುತ್ತಿರುವವರಿಗೆ ಕಂಪನಿಯ ಜಾಹೀರಾತಿಗಿಂತ ಆ ಎರಡು ಸಾಲು ಹೆಚ್ಚು ಉಪಕಾರ ಮಾಡುತ್ತವೆ.